ಕುರಿಗಳ ಜಂತುನಾಶಕ ವೇಳಾಪಟ್ಟಿ ಮತ್ತು ಔಷಧ ನಿರೋಧಕತೆ

ಯಾವ ಕಾಲದಲ್ಲಿ, ಯಾವ ಕುರಿಗೆ, ಎಷ್ಟು ಜಂತುನಾಶಕ ಕುಡಿಸಬೇಕೆಂಬ ಕ್ರಮವೇ ಜಂತುನಾಶಕ ವೇಳಾಪಟ್ಟಿ. ಪುಣೆ ಜಿಲ್ಲೆಯ ಕುರಕುಂಭ, ಬಾರಾಮತಿಗಳಿಂದ ಕರ್ನಾಟಕದ ಬೆಳಗಾವಿ, ವಿಜಯಪುರದವರೆಗೆ ಹಬ್ಬಿರುವ ಮಳೆನೆರಳಿನ ಸೀಮೆಯಲ್ಲಿ ಧನಗರರು, ಕುರುಬರು ದಖ್ಖನಿ ಕುರಿ ಸಾಕುತ್ತಾರೆ. ಇಲ್ಲಿ ವೇಳಾಪಟ್ಟಿಯನ್ನು ನಿರ್ಧರಿಸುವುದು ಮುಂಗಾರು.

ಹುಳುವಿನ ಸ್ವಭಾವ

ಮುಖ್ಯ ಶತ್ರು ಹೀಮಾಂಕಸ್ ಕಂಟಾರ್ಟಸ್. ಕುರಿಯ ನಾಲ್ಕನೆಯ ಹೊಟ್ಟೆಗೆ ಕಚ್ಚಿಕೊಂಡು ಒಂದೊಂದು ಹುಳುವೂ ದಿನಕ್ಕೆ ಸುಮಾರು 0.05 ಮಿ.ಲೀ. ರಕ್ತ ಹೀರುತ್ತದೆ. ಹೆಣ್ಣುಹುಳು ದಿನಕ್ಕೆ ಸಾವಿರಾರು ಮೊಟ್ಟೆ ಇಡುತ್ತದೆ. ಹಿಕ್ಕೆಯೊಂದಿಗೆ ನೆಲಕ್ಕೆ ಬಿದ್ದ ಮೊಟ್ಟೆ ಬೆಚ್ಚಗಿನ ತೇವದಲ್ಲಿ ಒಂದು ವಾರದೊಳಗೆ ಮರಿಯಾಗಿ ಹುಲ್ಲೇರುತ್ತದೆ. ಕುರಿ ಅದನ್ನು ಮೇಯ್ದ ಸುಮಾರು ಮೂರು ವಾರಕ್ಕೆ ಮತ್ತೆ ಮೊಟ್ಟೆ ಶುರು. ಬೇಸಿಗೆಯ ಒಣನೆಲದಲ್ಲಿ ಮರಿಹುಳು ಬಹುಕಾಲ ಬದುಕುವುದಿಲ್ಲ. ಆದ್ದರಿಂದಲೇ ಮಳೆಗೆ ಮೊದಲು, ಮಳೆಯ ನಡುವೆ, ಮಳೆ ಮುಗಿದ ಮೇಲೆ ಔಷಧ ಕುಡಿಸುವ ರೂಢಿ ಬೆಳೆಯಿತು.

ಔಷಧಗಳ ಸರದಿ

ಮೊದಲು ಬಳಕೆಯಲ್ಲಿದ್ದದ್ದು ಮೈಲುತುತ್ತದ ದ್ರಾವಣ. 1940ರ ಸುಮಾರಿಗೆ ಫೀನೊಥಯಾಜಿನ್ ಬಂತು. 1957ರಲ್ಲಿ ಅಮೆರಿಕದ ಕೆಂಟಕಿಯಿಂದ ಅದಕ್ಕೆ ಜಗ್ಗದ ಹೀಮಾಂಕಸ್‌ನ ವರದಿ ಬಂತು. 1961ರಲ್ಲಿ ಬಂದ ಥಯಾಬೆಂಡಜೋಲ್ ವಿಷಯದಲ್ಲಿ ಅಷ್ಟು ಕಾಲವೂ ಹಿಡಿಯಲಿಲ್ಲ. 1964ಕ್ಕೇ ನಿರೋಧಕತೆ ಕಂಡಿತು. ಭಾರತದಲ್ಲಿ ಈ ಎರಡೂ ಔಷಧಗಳ ವೈಫಲ್ಯ 1976ರಲ್ಲಿ ವರದಿಯಾಯಿತು. 1981ರಲ್ಲಿ ಬಂದ ಐವರ್‌ಮೆಕ್ಟಿನ್ ಕೂಡ ಆ ದಶಕ ಮುಗಿಯುವ ಮೊದಲೇ ದಕ್ಷಿಣ ಆಫ್ರಿಕದಲ್ಲಿ ಸೋತಿತು. ಔಷಧ ಅಗ್ಗವೂ ಸುರಕ್ಷಿತವೂ ಆದಂತೆ ಮಂದೆಗೆ ಮಂದೆಯನ್ನೇ ಮತ್ತೆ ಮತ್ತೆ ಕುಡಿಸುವುದು ಸುಲಭವಾಯಿತು. ಅದೇ ನಿರೋಧಕತೆಗೆ ದಾರಿಯಾಯಿತು.

ಕಡಿಮೆ ಪ್ರಮಾಣದ ಪರಿಣಾಮ

ಆಲ್ಬೆಂಡಜೋಲ್ ಪ್ರಮಾಣ ಕಿಲೊ ತೂಕಕ್ಕೆ 7.5 ಮಿ.ಗ್ರಾಂ. ಎಂದು ಹಿಡಿಯೋಣ. ಶೇ. 2.5ರ ದ್ರಾವಣದ ಪ್ರತಿ ಮಿ.ಲೀ.ನಲ್ಲಿ 25 ಮಿ.ಗ್ರಾಂ. ಇರುತ್ತದೆ. 30 ಕಿಲೊ ಕುರಿಗೆ ಬೇಕಾದದ್ದು 9 ಮಿ.ಲೀ. ಮಂದೆಯ ಸರಾಸರಿ 22 ಕಿಲೊ ಎಂದು ಕಣ್ಣಂದಾಜು ಮಾಡಿ ಎಲ್ಲಕ್ಕೂ 6.6 ಮಿ.ಲೀ. ಕುಡಿಸಿದರೆ ದೊಡ್ಡ ಕುರಿಗೆ ಸಿಗುವುದು ಕಿಲೊಗೆ 5.5 ಮಿ.ಗ್ರಾಂ. ಮಾತ್ರ.

ಈ ಔಷಧ ಹುಳುವಿನ ಬೀಟಾ-ಟ್ಯೂಬುಲಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಕೆಲಸ ಮಾಡುತ್ತದೆ. ಆ ಪ್ರೋಟೀನಿನ ಒಂದೇ ಜಾಗದಲ್ಲಿ ಬದಲಾವಣೆಯಾದರೂ ಅಂಟು ಸಡಿಲವಾಗುತ್ತದೆ. ತಂದೆ ತಾಯಿಗಳಲ್ಲಿ ಒಬ್ಬರಿಂದ ಮಾತ್ರ ಆ ಬದಲಾವಣೆ ಪಡೆದ ಹುಳು ಪೂರ್ತಿ ಪ್ರಮಾಣಕ್ಕೆ ಸಾಯಬಹುದು, ಅರೆ ಪ್ರಮಾಣಕ್ಕೆ ಉಳಿದುಕೊಳ್ಳುತ್ತದೆ. ಮುಂದಿನ ಮೊಟ್ಟೆಗಳೆಲ್ಲ ಅಂಥವುಗಳದೇ. ಆದ್ದರಿಂದ ಮರಿ, ಕುರಿ, ಟಗರುಗಳನ್ನು ಬೇರೆ ಮಾಡಿ, ಪ್ರತಿ ಗುಂಪಿನ ಅತಿ ಭಾರದ ಪ್ರಾಣಿಯನ್ನು ತೂಗಿ, ಆ ಲೆಕ್ಕದಲ್ಲಿ ಗುಂಪಿಗೆಲ್ಲ ಕುಡಿಸಬೇಕು. ಹೊಸದಾಗಿ ಗಬ್ಬವಾದ ಕುರಿಗೆ ಆಲ್ಬೆಂಡಜೋಲ್ ಕೊಡುವಂತಿಲ್ಲ.

ಸೋಲನ್ನು ಗುರುತಿಸುವುದು

ಔಷಧ ಕುಡಿಸುವ ದಿನ ಹತ್ತು ಕುರಿಗಳ ಹಿಕ್ಕೆ ಪರೀಕ್ಷಿಸಿ, 10ರಿಂದ 14 ದಿನಗಳ ನಂತರ ಮತ್ತೆ ಪರೀಕ್ಷಿಸುತ್ತಾರೆ. ಗ್ರಾಂಗೆ ಸರಾಸರಿ 1,200 ಇದ್ದ ಮೊಟ್ಟೆ 480ಕ್ಕೆ ಇಳಿದರೆ ಇಳಿಕೆ ಶೇ. 60. ಶೇ. 95ಕ್ಕಿಂತ ಕಡಿಮೆಯಾದರೆ ನಿರೋಧಕತೆಯ ಗುಮಾನಿ. ಆದರೆ ಹಾಳಾದ ಔಷಧ, ತಪ್ಪು ಅಳತೆಯ ಸಿರಿಂಜ್ ಕೂಡ ಇದೇ ಫಲ ಕೊಡುತ್ತವೆ; ಮೊದಲು ಅವನ್ನು ನೋಡಬೇಕು.

ಆಯ್ದು ಕುಡಿಸುವ ಕ್ರಮ ಮತ್ತು ಫಲಟಣದ ಪ್ರಯೋಗ

1990ರ ದಶಕದಲ್ಲಿ ದಕ್ಷಿಣ ಆಫ್ರಿಕದಲ್ಲಿ ಫಮಾಚ ಎಂಬ ಐದು ಬಣ್ಣಗಳ ಪಟ್ಟಿ ರೂಪುಗೊಂಡಿತು. ಕುರಿಯ ಕೆಳರೆಪ್ಪೆ ಬಿಡಿಸಿ ಒಳಬಣ್ಣವನ್ನು ಪಟ್ಟಿಯೊಂದಿಗೆ ಹೋಲಿಸಿ, ಬಿಳಚಿದವುಗಳಿಗೆ ಮಾತ್ರ ಔಷಧ ಕೊಡುತ್ತಾರೆ. ಕುಡಿಸದೆ ಬಿಟ್ಟ ಕುರಿಗಳಿಂದ ಔಷಧಕ್ಕೆ ಸಾಯುವ ಹುಳುಗಳ ಸಂತತಿಯೂ ಮೇವಿನ ನೆಲದಲ್ಲಿ ಉಳಿದು, ನಿರೋಧಕ ಹುಳುಗಳೊಡನೆ ಬೆರೆಯುತ್ತದೆ. ಮಂದೆಗೆಲ್ಲ ಕುಡಿಸಿದ ಕೂಡಲೇ ಹೊಸ ಹುಲ್ಲಿಗೆ ಹೊಡೆಯುವ ಹಳೆಯ ಸಲಹೆ ಇದಕ್ಕೆ ವಿರುದ್ಧ: ಅಲ್ಲಿ ಬೀಳುವುದು ಬದುಕುಳಿದ ಹುಳುಗಳ ಮೊಟ್ಟೆ ಮಾತ್ರ. ಫಮಾಚ ರಕ್ತ ಹೀರುವ ಹುಳುವಿಗಷ್ಟೇ ಹೊಂದುತ್ತದೆ; ಬೇರೆ ಕಾರಣದ ರಕ್ತಹೀನತೆಯನ್ನು ಬೇರ್ಪಡಿಸಲಾರದು.

ಇನ್ನೊಂದು ದಾರಿ ತಳಿಯದು. ಬಾರಾಮತಿ ದಾಟಿ ದಕ್ಷಿಣಕ್ಕಿರುವ ಫಲಟಣದ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆ (ಸ್ಥಾಪನೆ 1968) ದಖ್ಖನಿ ಮತ್ತು ಮಂಡ್ಯ ಸೀಮೆಯ ಬನ್ನೂರು ಕುರಿಗಳನ್ನು ಸುಂದರಬನದ ಗಾರೋಲ್ ತಳಿಯೊಡನೆ ಅಡ್ಡಹಾಯಿಸಿ ಪರೀಕ್ಷಿಸಿತು. 2003ರಲ್ಲಿ ಪ್ರಕಟವಾದ ಫಲಿತಾಂಶದಂತೆ ಗಾರೋಲ್ ಮಿಶ್ರಣದ ಮರಿಗಳ ಹಿಕ್ಕೆಯಲ್ಲಿ ಮೊಟ್ಟೆ ಕಡಿಮೆ. ಗಾರೋಲ್ ಗಿಡ್ಡ ತಳಿಯಾದ್ದರಿಂದ ಮೈತೂಕದಲ್ಲಿ ಬೆಲೆ ತೆರಬೇಕಾಗುತ್ತದೆ. ಆದರೂ ಇದಕ್ಕೆ ಮಹತ್ವವಿದೆ, ಏಕೆಂದರೆ ನಿರೋಧಕತೆ ಒಮ್ಮೆ ಮಂದೆಯಲ್ಲಿ ಬೇರೂರಿದರೆ ಔಷಧ ನಿಲ್ಲಿಸಿ ವರ್ಷಗಟ್ಟಲೆ ಕಾದರೂ ಹುಳುಗಳು ಮತ್ತೆ ಔಷಧಕ್ಕೆ ಬಗ್ಗುವ ಭರವಸೆಯಿಲ್ಲ.