ಆವರ್ತ ಕೋಷ್ಟಕದ ಸ್ಮರಣೆಯಲ್ಲಿ ಗುಚ್ಛೀಕರಣ: ಜಡಾನಿಲ ಸಂಖ್ಯೆಗಳನ್ನಾಧರಿಸಿದ ಒಂದು ವಿವೇಚನೆ

ಮನುಷ್ಯನ ತಾತ್ಕಾಲಿಕ ಸ್ಮೃತಿಯು ಒಂದೇ ಸಲಕ್ಕೆ ಎಷ್ಟನ್ನು ಹಿಡಿದಿಡಬಲ್ಲುದೆಂಬ ಪ್ರಶ್ನೆಗೆ ಅಮೆರಿಕದ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ, ಏಳು ಘಟಕಗಳು, ಅಥವಾ ಅದಕ್ಕೆ ಒಂದೆರಡು ಹೆಚ್ಚು ಕಡಮೆ, ಎಂಬ ಉತ್ತರವನ್ನಿತ್ತರು. 2001ರಲ್ಲಿ ನೆಲ್ಸನ್ ಕೋವನ್ ಎಂಬ ವಿದ್ವಾಂಸರು ಅದೇ ಪ್ರಶ್ನೆಯನ್ನು ಮರಳಿ ಪರಿಶೀಲಿಸಿ, ಆ ಸಂಖ್ಯೆಯು ನಾಲ್ಕರ ಆಸುಪಾಸಿನಲ್ಲಿದೆಯೆಂದು ವಾದಿಸಿದರು. ಸಂಖ್ಯೆ ಯಾವುದೇ ಆಗಿರಲಿ, ಮಿಲ್ಲರರ ಪ್ರತಿಪಾದನೆಯಲ್ಲಿ ವಿದ್ಯಾರ್ಥಿಗೆ ಮುಖ್ಯವಾದ ಅಂಶವು ಬೇರೊಂದುಂಟು: ಸ್ಮೃತಿಯ ಮಿತಿಯು ಘಟಕಗಳ ಎಣಿಕೆಗೆ ಸಂಬಂಧಿಸಿದ್ದೇ ಹೊರತು ಒಂದೊಂದು ಘಟಕದೊಳಗೆ ಅಡಗಿರುವ ಸಾಮಗ್ರಿಯ ಪರಿಮಾಣಕ್ಕಲ್ಲ. ಆದಕಾರಣ ಬಿಡಿಬಿಡಿಯಾದುವನ್ನು ಗುಚ್ಛಗಳಾಗಿ ಕಟ್ಟಿಕೊಂಡಲ್ಲಿ ಅದೇ ಶಕ್ತಿಯಿಂದ ಬಹಳ ಹೆಚ್ಚನ್ನು ಹಿಡಿಯಬಹುದು. ಇಷ್ಟು ಈಗ ಸರ್ವವಿದಿತ. ಆದರೆ ಗುಚ್ಛವನ್ನು ಎಲ್ಲಿ ಕತ್ತರಿಸಬೇಕು, ಎಂತಹ ಕಟ್ಟು ನಿಲ್ಲುತ್ತದೆ, ಎಂತಹುದು ಕಳಚಿಹೋಗುತ್ತದೆ ಎಂಬುದನ್ನು ನಮ್ಮ ರಸಾಯನಶಾಸ್ತ್ರದ ಪಾಠಕ್ರಮವು ಸಾಕಷ್ಟು ವಿಚಾರಿಸಿದಂತೆ ತೋರುವುದಿಲ್ಲ. ನೂರ ಹದಿನೆಂಟು ಮೂಲವಸ್ತುಗಳ ಆವರ್ತ ಕೋಷ್ಟಕವನ್ನೇ ನಿದರ್ಶನವಾಗಿಟ್ಟುಕೊಂಡು ಆ ವಿಚಾರವನ್ನು ಇಲ್ಲಿ ನಡೆಸುವುದು ಪ್ರಸ್ತುತ ಲೇಖನದ ಉದ್ದೇಶ.

ಶಾಲೆಗಳಲ್ಲಿ ರೂಢಿಯಲ್ಲಿರುವ ಉಪಾಯವೆಂದರೆ ಮೊದಲ ಇಪ್ಪತ್ತು ಮೂಲವಸ್ತುಗಳ ಸಂಕೇತಾಕ್ಷರಗಳನ್ನು ಸಾಲಾಗಿ ಜೋಡಿಸಿ, ಅವುಗಳಿಂದ ಅರ್ಥವಿದ್ದೂ ಇಲ್ಲದಂತಹ ಒಂದು ವಾಕ್ಯವನ್ನು ಕಟ್ಟಿ ಬಾಯಿಪಾಠ ಮಾಡಿಸುವುದು. ಇದು ನಿಷ್ಪ್ರಯೋಜಕವೆಂದು ನಾನು ಹೇಳಲಾರೆ. ಅನುಕ್ರಮವನ್ನು ಅದು ನಿಶ್ಚಯವಾಗಿಯೂ ಕಾಪಾಡುತ್ತದೆ. ಆದರೆ ಅದು ಗುಚ್ಛವಲ್ಲ, ಸರಪಣಿ. ಪ್ರಾಯೋಗಿಕ ಪರೀಕ್ಷೆಯ ಮೌಖಿಕ ಪ್ರಶ್ನೋತ್ತರದಲ್ಲಿ ರಂಜಕದ ಕೆಳಮನೆಯಲ್ಲಿರುವ ಮೂಲವಸ್ತು ಯಾವುದೆಂದು ಕೇಳಿದರೆ, ವಾಕ್ಯವನ್ನು ಮಾತ್ರ ಕಲಿತ ವಿದ್ಯಾರ್ಥಿಯ ತುಟಿಗಳು ಜಲಜನಕದಿಂದಲೇ ಆರಂಭಿಸಿ ಒಂದೊಂದಾಗಿ ಚಲಿಸುವುದನ್ನು ಅಧ್ಯಾಪಕರೆಲ್ಲರೂ ಕಂಡಿರುತ್ತಾರೆ. ಹದಿನೈದನೆಯ ರಂಜಕವನ್ನು ಮುಟ್ಟಿ, ಇಪ್ಪತ್ತನೆಯ ಕ್ಯಾಲ್ಸಿಯಂವರೆಗೆ ಸಾಗಿ, ಅಲ್ಲಿ ವಾಕ್ಯವೇ ಮುಗಿದು ಅವನು ನಿಂತುಬಿಡುತ್ತಾನೆ. ಅವನು ಕಲಿತದ್ದು ಅಡ್ಡಸಾಲಿನ ಕ್ರಮವನ್ನು. ಕೋಷ್ಟಕವಾದರೋ ರಚಿತವಾಗಿರುವುದು ಅಡ್ಡಸಾಲು ಉದ್ದಸಾಲುಗಳೆರಡೂ ಕೂಡಿದ ಸಂಬಂಧದಿಂದ. ಪದಾರ್ಥದಲ್ಲಿಲ್ಲದ ಕಟ್ಟನ್ನು ಹೊರಗಿನಿಂದ ತಂದು ಹಾಕಿದ್ದೇ ಇಲ್ಲಿನ ದೋಷ.

ಈ ಭೇದವನ್ನು ಸ್ಪಷ್ಟಪಡಿಸುವ ಪ್ರಯೋಗವೊಂದನ್ನು 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಪ್ರಕಟಿಸಿದರು. ನಿಜವಾದ ಆಟದ ಮಧ್ಯದಿಂದ ತೆಗೆದುಕೊಂಡ ಚದುರಂಗದ ಸ್ಥಿತಿಯನ್ನು ಐದು ಸೆಕೆಂಡುಗಳ ಕಾಲ ತೋರಿಸಿ ಮರೆಮಾಡಿದಾಗ, ನುರಿತ ಆಟಗಾರನು ಅನನುಭವಿಗಿಂತ ಬಹಳ ಹೆಚ್ಚು ಕಾಯಿಗಳನ್ನು ಸ್ವಸ್ಥಾನಗಳಲ್ಲಿಟ್ಟು ತೋರಿಸಿದನು. ಕಾಯಿಗಳನ್ನು ಮನಬಂದಂತೆ ಚದುರಿಸಿ ತೋರಿಸಿದಾಗಲಾದರೋ ಅವನ ಮೇಲ್ಮೆಯು ಬಹುಮಟ್ಟಿಗೆ ಅಳಿದುಹೋಯಿತು. ಆಟದ ನಿಯಮಗಳಿಂದ ಹುಟ್ಟಿದ ವಿನ್ಯಾಸಗಳನ್ನು ಅವನ ಕಣ್ಣು ಗುಚ್ಛಗಳಾಗಿ ಗ್ರಹಿಸುತ್ತಿತ್ತು, ನಿಯಮವಿಲ್ಲದಲ್ಲಿ ಗ್ರಹಿಸಲು ಗುಚ್ಛವೇ ಇರಲಿಲ್ಲ. ಕಾಯಿಗಳನ್ನಿಡುವಾಗ ನಡುವೆ ಬೀಳುವ ವಿರಾಮಗಳನ್ನು ಅಳೆದು, ಎರಡು ಸೆಕೆಂಡಿಗೂ ಮೀರಿದ ವಿರಾಮವನ್ನು ಒಂದು ಗುಚ್ಛ ಮುಗಿದು ಮತ್ತೊಂದು ತೊಡಗುವ ಸೀಮೆಯೆಂದು ಅವರು ಗಣಿಸಿದರು. ಈ ವಿರಾಮದ ಲಕ್ಷಣವು ನಮಗೂ ಉಪಯುಕ್ತವಾದುದು: ಮೂಲವಸ್ತುಗಳನ್ನು ಹೇಳುವ ಹುಡುಗನು ನಿಯಾನ್, ಆರ್ಗಾನ್‌ಗಳ ಬಳಿ ತುಸು ತಡೆದು ಮುಂದುವರಿದರೆ ಅವನ ಗುಚ್ಛಗಳು ಸರಿಯಾದ ಸ್ಥಳದಲ್ಲಿವೆ, ವಾಕ್ಯದ ಪದಗಳು ಮುಗಿಯುವಲ್ಲಿ ತಡೆದರೆ ಇಲ್ಲ.

ಹಾಗಾದರೆ ಕೋಷ್ಟಕದೊಳಗೇ ಇರುವ ಸೀಮೆಗಳಾವುವು? ಹೀಲಿಯಂ, ನಿಯಾನ್, ಆರ್ಗಾನ್, ಕ್ರಿಪ್ಟಾನ್, ಕ್ಸೆನಾನ್, ರೇಡಾನ್, ಒಗನೆಸಾನ್ ಎಂಬ ಏಳು, ಅಡ್ಡಸಾಲುಗಳ ಕೊನೆಯ ಮನೆಗಳಲ್ಲಿರುವ ಜಡಾನಿಲದ ಗುಂಪಿನವು. ಇವುಗಳ ಪರಮಾಣು ಸಂಖ್ಯೆಗಳು ಕ್ರಮವಾಗಿ 2, 10, 18, 36, 54, 86, 118. ಈ ಏಳನ್ನೂ ಬಾಯಿಪಾಠ ಮಾಡುವ ಅವಶ್ಯಕತೆ ಕೂಡ ಇಲ್ಲ. ಒಂದರಿಂದೊಂದನ್ನು ಕಳೆದರೆ ದೊರೆಯುವ ಅಂತರಗಳು 8, 8, 18, 18, 32, 32. ಒಂದು, ಎರಡು, ಮೂರು, ನಾಲ್ಕರ ವರ್ಗಗಳನ್ನು ಇಮ್ಮಡಿಸಿದರೆ 2, 8, 18, 32 ಬರುವುವು. ಮೊದಲನೆಯದು ಒಂದು ಸಾರಿ, ಉಳಿದವು ಎರಡೆರಡು ಸಾರಿ ಎಂದರೆ ಕೋಷ್ಟಕದ ಸಾಲುಗಳ ಉದ್ದವೆಲ್ಲವೂ ಕೈಗೆ ಬಂದಂತಾಯಿತು. ಈ ಸಂಖ್ಯೆಗಳಿಗೆ ಕಾರಣವೂ ಉಂಟು. ಪರಮಾಣುವಿನ ಉಪಕವಚಗಳು ಕ್ರಮವಾಗಿ ಎರಡು, ಆರು, ಹತ್ತು, ಹದಿನಾಲ್ಕು ಎಲೆಕ್ಟ್ರಾನುಗಳಿಗೆ ಎಡೆಗೊಡುತ್ತವೆ. ಹತ್ತರ ಉಪಕವಚವೂ ಹದಿನಾಲ್ಕರ ಉಪಕವಚವೂ ತಮ್ಮ ಕವಚದ ಸರದಿಯಲ್ಲಿಯೇ ತುಂಬದೆ ತಡವಾಗಿ ತುಂಬುವುದರಿಂದ ಒಂದೇ ಉದ್ದದ ಸಾಲು ಎರಡು ಸಾರಿ ಬರುತ್ತದೆ. ಕಾರಣವನ್ನರಿತವನಿಗೆ ಸಂಖ್ಯೆಯು ಮರೆತರೂ ಮತ್ತೆ ಹುಟ್ಟುತ್ತದೆ. ಇದೇ ಉತ್ತಮ ಗುಚ್ಛದ ಲಕ್ಷಣವೆಂದು ನನ್ನ ಮತ.

ಒಂದು ಉದಾಹರಣೆಯನ್ನು ಸಾದ್ಯಂತವಾಗಿ ನೋಡೋಣ. ಪರಮಾಣು ಸಂಖ್ಯೆ 34 ಆಗಿರುವ ಸೆಲೀನಿಯಂ ಎಲ್ಲಿದೆ? ಅದು 18ಕ್ಕೂ 36ಕ್ಕೂ ನಡುವೆ ಬರುವುದರಿಂದ ನಾಲ್ಕನೆಯ ಸಾಲಿನದು. 36ಕ್ಕೆ ಎರಡು ಕಡಮೆಯಾದುದರಿಂದ ಹದಿನೆಂಟನೆಯ ಗುಂಪಿನಿಂದ ಎರಡು ಮನೆ ಹಿಂದೆ, ಎಂದರೆ ಹದಿನಾರನೆಯ ಗುಂಪಿನದು. ಆ ಗುಂಪಿನ ಉಳಿದ ಸದಸ್ಯರೂ ಹೀಗೆಯೇ ತಮ್ಮ ತಮ್ಮ ಜಡಾನಿಲಕ್ಕೆ ಎರಡು ಹಿಂದಿರಬೇಕಷ್ಟೆ: 10ಕ್ಕೆ ಎರಡು ಹಿಂದೆ 8, ಆಮ್ಲಜನಕ, 18ಕ್ಕೆ ಹಿಂದೆ 16, ಗಂಧಕ, 54ಕ್ಕೆ ಹಿಂದೆ 52, ಟೆಲ್ಯೂರಿಯಂ, 86ಕ್ಕೆ ಹಿಂದೆ 84, ಪೊಲೋನಿಯಂ. ಸ್ಥಾನವು ತಿಳಿದ ಮೇಲೆ ಸೂತ್ರಗಳು ಹಿಂಬಾಲಿಸುತ್ತವೆ. ಗಂಧಕಕ್ಕೆ H₂S, SO₂, H₂SO₄ ಎಂಬುದನ್ನು ಬಲ್ಲವನು ಸೆಲೀನಿಯಂಗೆ H₂Se, SeO₂, H₂SeO₄ ಎಂದು ಪುಸ್ತಕವನ್ನು ತೆರೆಯದೆಯೇ ಬರೆಯಬಲ್ಲನು. ಆರು ಬಿಡಿ ಸೂತ್ರಗಳ ಭಾರವು ಹೀಗೆ ಮೂರಕ್ಕಿಳಿಯಿತು.

ವಿದ್ಯಾರ್ಥಿಗಳು ಎಡವುವ ಸ್ಥಳವೊಂದು ಇಲ್ಲಿದೆ, ಅದನ್ನು ಕೊಂಚ ವಿಸ್ತಾರವಾಗಿಯೇ ಹೇಳಬೇಕು. ಆಮ್ಲಜನಕದ ಗುಂಪಿನಲ್ಲಿ ಕೆಳಗಿಳಿಯುತ್ತ ಹೋದರೆ ಮೆಟ್ಟಿಲುಗಳ ಎತ್ತರ 8, 18, 18, 32 ಆಗಿರುತ್ತದೆ. ಇದನ್ನು ಕಂಡ ಜಾಣ ವಿದ್ಯಾರ್ಥಿಯು, ಗಂಧಕದ ಕೆಳಗಿನದಕ್ಕೆ 18 ಕೂಡಿಸಿದಂತೆಯೇ ಸೋಡಿಯಂನ ಕೆಳಗಿನದಕ್ಕೂ 18 ಕೂಡಿಸಿ, 11 ಮತ್ತು 18 ಸೇರಿ 29 ಎಂದು ತಾಮ್ರಕ್ಕೆ ಹೋಗಿ ಮುಟ್ಟುತ್ತಾನೆ. ನಿಜವಾಗಿ ಸೋಡಿಯಂನ ಕೆಳಗಿರುವುದು 19ನೆಯ ಪೊಟ್ಯಾಸಿಯಂ. ಎಡತುದಿಯ ಎರಡು ಗುಂಪುಗಳಲ್ಲಿ ಕೂಡಿಸಬೇಕಾದುದು ಮೇಲಿನ ಸಾಲಿನ ಉದ್ದವನ್ನು, ಬಲಬದಿಯ ಆರು ಗುಂಪುಗಳಲ್ಲಿ ಕೆಳಗಿನ ಸಾಲಿನ ಉದ್ದವನ್ನು. ಏಕೆಂದರೆ ನಾಲ್ಕನೆಯ ಸಾಲಿನಲ್ಲಿ ನಡುವೆ ಹೊಸದಾಗಿ ಸೇರುವ ಹತ್ತು ಲೋಹಗಳು ಬಲಬದಿಯವನ್ನು ಮಾತ್ರ ಮುಂದಕ್ಕೆ ತಳ್ಳುತ್ತವೆ, ಎಡಬದಿಯವು ಇದ್ದಲ್ಲಿಯೇ ಇರುತ್ತವೆ. ಆದುದರಿಂದ ಕ್ಷಾರಲೋಹಗಳು 3, 11, 19, 37, 55, 87 ಎಂದೂ, ಹ್ಯಾಲೊಜನ್‌ಗಳು 9, 17, 35, 53, 85 ಎಂದೂ ಬರುತ್ತವೆ. ಸಂದೇಹ ಬಂದಾಗ ಪರೀಕ್ಷಿಸುವ ಬಗೆ ಸುಲಭ: ಕ್ಷಾರಲೋಹದಲ್ಲಿ ಒಂದನ್ನು ಕಳೆದರೆ, ಹ್ಯಾಲೊಜನ್‌ಗೆ ಒಂದನ್ನು ಕೂಡಿಸಿದರೆ, ಜಡಾನಿಲದ ಸಂಖ್ಯೆ ಬರಲೇಬೇಕು. 29ರಲ್ಲಿ ಒಂದು ಕಳೆದರೆ ಬರುವ 28 ಜಡಾನಿಲವಲ್ಲ, ನಿಕ್ಕಲ್.

ಈ ತಪ್ಪನ್ನು ಕೇವಲ ಬಾಲಿಶವೆಂದು ಬಗೆಯಲಾಗದು. ಮೆಂಡೆಲೀವ್ 1871ರಲ್ಲಿ ಪ್ರಕಟಿಸಿದ ಎಂಟು ಗುಂಪುಗಳ ಕೋಷ್ಟಕದಲ್ಲಿ ತಾಮ್ರ, ಬೆಳ್ಳಿ, ಚಿನ್ನಗಳು ಸೋಡಿಯಂ, ಪೊಟ್ಯಾಸಿಯಂಗಳ ಗುಂಪಿನಲ್ಲಿಯೂ ಕಾಣಿಸಿಕೊಂಡಿವೆ. ಆಗ ಜಡಾನಿಲಗಳ ಗುಂಪು ಇನ್ನೂ ಬೆಳಕಿಗೆ ಬಂದಿರಲಿಲ್ಲ. ಪರಮಾಣು ಸಂಖ್ಯೆಯ ಅರ್ಥವನ್ನು ಮೋಸ್ಲಿಯ ಕ್ಷ-ಕಿರಣ ಪ್ರಯೋಗಗಳು ಸ್ಥಿರಪಡಿಸಿದ್ದು 1913ರಿಂದೀಚೆಗೆ. ಇಂದು ನಾವು ಸುಲಭವಾಗಿ ಹಿಡಿಯುವ ಗುಚ್ಛದ ಸೀಮೆಯು ಅಂದು ಕೋಷ್ಟಕದ ಕರ್ತೃವಿಗೇ ಲಭ್ಯವಿರಲಿಲ್ಲವೆಂಬುದು ಗಮನಾರ್ಹ.

ಸಂಖ್ಯೆಯಿಂದಲೇ ಸ್ವರೂಪವನ್ನು ಹೊರಡಿಸುವ ಇಂತಹ ವ್ಯವಸ್ಥೆಯು ಕರ್ಣಾಟಕ ಸಂಗೀತವನ್ನು ಬಲ್ಲ ಓದುಗರಿಗೆ ಅಪರಿಚಿತವೇನಲ್ಲ. ಎಪ್ಪತ್ತೆರಡು ಮೇಳಗಳು ಆರಾರರ ಹನ್ನೆರಡು ಚಕ್ರಗಳಾಗಿವೆ. 29ನೆಯ ಮೇಳವೆಂದೊಡನೆ ಅದು ಐದನೆಯ ಚಕ್ರದ ಐದನೆಯದೆಂದು ತಿಳಿದು, ಚಕ್ರದಿಂದ ಚತುಃಶ್ರುತಿ ಋಷಭ, ಅಂತರ ಗಾಂಧಾರಗಳೂ, ಚಕ್ರದೊಳಗಿನ ಸ್ಥಾನದಿಂದ ಚತುಃಶ್ರುತಿ ಧೈವತ, ಕಾಕಲಿ ನಿಷಾದಗಳೂ ದೊರೆತು, ಮೊದಲ ಮೂವತ್ತಾರರಲ್ಲಿ ಒಂದಾದುದರಿಂದ ಶುದ್ಧ ಮಧ್ಯಮವೂ ನಿಶ್ಚಿತವಾಗಿ, ಶಂಕರಾಭರಣವು ಸಿದ್ಧವಾಗುತ್ತದೆ. ಮೂವತ್ತಾರನ್ನು ಕೂಡಿಸಿದರೆ ಮಧ್ಯಮ ಮಾತ್ರ ಬದಲಾಗಿ 65ನೆಯ ಕಲ್ಯಾಣಿ. ಎಪ್ಪತ್ತೆರಡು ಸ್ವರಪಟ್ಟಿಗಳನ್ನು ಯಾರೂ ಬಾಯಿಪಾಠ ಮಾಡಬೇಕಾಗಿಲ್ಲ.

ಆದರೆ ಮೇಳಪದ್ಧತಿಯು ಮನುಷ್ಯನು ಗಣಿತದಿಂದ ರಚಿಸಿದ್ದಾದುದರಿಂದ ಅದರಲ್ಲಿ ಅಪವಾದವಿಲ್ಲ. ಆವರ್ತ ಕೋಷ್ಟಕವು ಪ್ರಕೃತಿಯದಾದುದರಿಂದ ಉಂಟು. ಪ್ರತಿ ಗುಂಪಿನ ಮೊದಲ ಸದಸ್ಯವು ತನ್ನ ಗುಂಪಿನ ನಡೆಯಿಂದ ಎಷ್ಟೋ ಸಲ ದೂರವಿರುತ್ತದೆ. H₂S, H₂Se ಎರಡೂ ಸಾಮಾನ್ಯ ಉಷ್ಣತೆಯಲ್ಲಿ ಅನಿಲಗಳಾದರೆ H₂O ದ್ರವ; ರಂಜಕಕ್ಕೆ H₃PO₄ ಇದ್ದರೂ ಅದರ ಮೇಲಿನ ಸಾರಜನಕದ ಆಮ್ಲವು HNO₃. ಸೂತ್ರವು ಒಂದೇ ಬಗೆಯದಾದರೂ ಸ್ಥಿತಿ ಬೇರೆಯಾಗುವುದೂ ಉಂಟು: SO₂ ಅನಿಲ, SeO₂ ಘನ. ಎಲೆಕ್ಟ್ರಾನ್ ವಿನ್ಯಾಸದಲ್ಲಿ ಕ್ರೋಮಿಯಂ ಮತ್ತು ತಾಮ್ರಗಳು ನಿರೀಕ್ಷೆಗಿಂತ ಒಂದು ಎಲೆಕ್ಟ್ರಾನನ್ನು ಹೊರಗಿನಿಂದ ಒಳಕ್ಕೆ ಸರಿಸಿಕೊಂಡಿವೆ. ಇಟ್ರಿಯಂನ ಕೆಳಮನೆಯು ಲ್ಯಾಂಥನಂನದೋ ಲ್ಯುಟೀಷಿಯಂನದೋ ಎಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ನಡೆದಿದೆ. ಇಂತಹವನ್ನು ಗುಚ್ಛದೊಳಗೆ ಬಲಾತ್ಕಾರದಿಂದ ಸೇರಿಸಲು ಹೋಗದೆ, ಗುಚ್ಛವು ದೃಢವಾದ ಮೇಲೆ ಅಪವಾದಗಳೆಂದೇ ಪ್ರತ್ಯೇಕವಾಗಿ ಕಲಿಯುವುದು ಉಚಿತ. ನಿಯಮವಿನ್ನೂ ನೆಲೆಗೊಳ್ಳದ ಮನಸ್ಸಿಗೆ ಅಪವಾದವೂ ಒಂದು ಬಿಡಿ ಸಂಗತಿಯಾಗಿ ಮಾತ್ರ ಉಳಿಯುತ್ತದೆ.

ಅಧ್ಯಾಪಕ ಮಿತ್ರರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಹೆಸರುಗಳನ್ನು ಸಾಲಾಗಿ ಒಪ್ಪಿಸಿಕೊಳ್ಳುವ ಬದಲು, ಏಳು ಜಡಾನಿಲಗಳನ್ನು ಮಾತ್ರ ಬರೆದ ಖಾಲಿ ಕೋಷ್ಟಕವೊಂದನ್ನು ವಿದ್ಯಾರ್ಥಿಯ ಮುಂದಿಟ್ಟು, 20, 35, 50 ಮುಂತಾದ ಬಿಡಿ ಸಂಖ್ಯೆಗಳನ್ನು ಹೇಳಿ, ಮನೆಯನ್ನೂ ಮೇಲುಕೆಳಗಿನ ನೆರೆಯನ್ನೂ ತೋರಿಸೆನ್ನಿರಿ. ತಪ್ಪಿದರೆ ಉತ್ತರವನ್ನು ಕೊಡದೆ, ಹತ್ತಿರದ ಜಡಾನಿಲ ಯಾವುದೆಂದು ಮಾತ್ರ ಕೇಳಿರಿ.