ಫಲಕದಲ್ಲಿ ಕನ್ನಡಕ್ಕೆ ಎಷ್ಟು ಜಾಗ?

ಅಂಗಡಿ ಫಲಕಗಳ ಜಗಳ ಶುರುವಾದಾಗಲೆಲ್ಲ ಎರಡು ಬೇರೆ ಬೇರೆ ಬೇಡಿಕೆಗಳು ಒಂದೇ ಕೂಗಿನಲ್ಲಿ ಸೇರಿಹೋಗುತ್ತವೆ. ಒಂದು, ಫಲಕದಲ್ಲಿ ಕನ್ನಡ ಇರಬೇಕು, ಎದ್ದು ಕಾಣಬೇಕು ಎನ್ನುವುದು. ಇನ್ನೊಂದು, ಉಳಿದ ಭಾಷೆ ಇರಬಾರದು ಎನ್ನುವುದು. ನಾನು ಮೊದಲನೆಯದರ ಪರ. ಎರಡನೆಯದರ ಪರ ಅಲ್ಲ. ಇದನ್ನು ನಡುದಾರಿಯ ಮಾತು ಎಂದು ಯಾರಾದರೂ ಅಂದುಕೊಂಡರೆ, ಇಲ್ಲ. ಕಾನೂನಿನ ಇತಿಹಾಸವನ್ನು ತಿರುವಿ ನೋಡಿದರೆ ಕರ್ನಾಟಕ ಬಹಳ ಹಿಂದಿನಿಂದ ಕೇಳುತ್ತ ಬಂದಿರುವುದು ಮೊದಲನೆಯದನ್ನೇ.

ನಮ್ಮಲ್ಲಿ ಈ ವಿಷಯ ಮೊದಲು ಸೇರಿಕೊಂಡದ್ದು ಭಾಷೆಯ ಕಾಯ್ದೆಯಲ್ಲಿ ಅಲ್ಲ, ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಅಡಿಯಲ್ಲಿ. ಅದು 1961ರ ಕಾಯ್ದೆ. ಅಂಗಡಿಯಲ್ಲಿ ಕೆಲಸ ಮಾಡುವವರ ದುಡಿಮೆಯ ಅವಧಿ, ವಾರದ ರಜೆ, ಸಂಬಳ ಇಂಥವು ಅದರ ತಿರುಳು. ಅದರ ನಿಯಮಗಳಿಗೆ ಆಮೇಲೆ 24-ಎ ಎಂಬ ನಿಯಮ ಸೇರಿತು. ಹೆಸರಿನ ಫಲಕ ಕನ್ನಡದಲ್ಲಿರಬೇಕು, ಬೇರೆ ಭಾಷೆಯನ್ನೂ ಬಳಸಿದರೆ ಕನ್ನಡಕ್ಕೆ ಹೆಚ್ಚು ಜಾಗ ಕೊಟ್ಟು ಅದು ಪ್ರಧಾನವಾಗಿ ಕಾಣುವಂತಿರಬೇಕು ಎಂಬುದು ಅದರ ಸಾರ. ಬೇರೆ ಭಾಷೆ ಬೇಡ ಎಂಬ ಮಾತು ಅದರಲ್ಲಿ ಇರಲಿಲ್ಲ. ಆದರೂ ಕಂಪನಿಗಳು ಹೈಕೋರ್ಟಿಗೆ ಹೋದವು. ಕಾರ್ಮಿಕರಿಗಾಗಿ ಮಾಡಿದ ಕಾಯ್ದೆ ಇಟ್ಟುಕೊಂಡು ಭಾಷೆಯ ನಿಯಮ ಹೇಗೆ ಮಾಡುತ್ತೀರಿ ಎಂಬುದು ಅವುಗಳ ತಕರಾರು. ಕಾನೂನಿನ ದೃಷ್ಟಿಯಿಂದ ಅದು ತಳ್ಳಿಹಾಕುವಂಥ ಪ್ರಶ್ನೆಯಲ್ಲ. ಮನೆ ಗಟ್ಟಿಯಾಗಿದ್ದರೂ ಪಾಯ ಬೇರೆಯವರ ಜಾಗದಲ್ಲಿತ್ತು.

ಭಾಷೆಯದೇ ಆದ ಪಾಯ ಸಿಕ್ಕಿದ್ದು ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022ರಿಂದ. ಫಲಕದ ಮೇಲಿನ ಅರ್ಧಭಾಗದಲ್ಲಿ ಕನ್ನಡ ಇರಬೇಕು ಎಂದು ಅದು ಹೇಳಿತ್ತು. 2023ರ ಡಿಸೆಂಬರ್ 27ರಂದು ಬೆಂಗಳೂರಿನಲ್ಲಿ ಕರ್ನಾಟಕ ರಕ್ಷಣಾ ವೇದಿಕೆಯ ಕಾರ್ಯಕರ್ತರು ಬೀದಿಗಿಳಿದರು, ಇಂಗ್ಲಿಷ್ ಫಲಕಗಳನ್ನು ಕಿತ್ತರು, ಬಂಧನಗಳೂ ಆದವು. ಮುಂದಿನ ತಿಂಗಳೇ ಅರ್ಧವನ್ನು ಶೇ. 60ಕ್ಕೆ ಏರಿಸುವ ಸುಗ್ರೀವಾಜ್ಞೆಗೆ ಸಂಪುಟ ಒಪ್ಪಿತು. ಸದನದಲ್ಲೇ ಮಂಜೂರು ಮಾಡಿಸಿಕೊಳ್ಳಿ ಎಂದು ರಾಜ್ಯಪಾಲರು ಅದನ್ನು ವಾಪಸು ಕಳಿಸಿದರು. 2024ರ ಫೆಬ್ರುವರಿಯಲ್ಲಿ ತಿದ್ದುಪಡಿ ಮಸೂದೆ ಸದನದಲ್ಲಿ ಪಾಸಾಯಿತು. ಕಿತ್ತ ಫಲಕಗಳ ಚಿತ್ರ ದೇಶದ ತುಂಬ ಓಡಾಡಿತು. ಕಾಯ್ದೆಯಲ್ಲಿ ಉಳಿದ ಶೇ. 40 ಯಾರಿಗೆ ಎಂದು ಕೇಳಿದವರು ಕಡಿಮೆ. ಅದು ಬೇರೆ ಭಾಷೆಗೆ ಬಿಟ್ಟ ಜಾಗ.

ಆ ಜಾಗವನ್ನೂ ಬಿಡದೆ ಕಾನೂನು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಉತ್ತರವಿದೆ. ಅಲ್ಲಿ ಫ್ರೆಂಚ್ ಮಾತಾಡುವವರೇ ಬಹುಸಂಖ್ಯಾತರು, ಆದರೆ ಸುತ್ತಲಿನ ಇಡೀ ಖಂಡ ಇಂಗ್ಲಿಷಿನದು. ಬೆಂಗಳೂರಿನ ಕನ್ನಡಿಗರಿಗೆ ಆ ಆತಂಕವನ್ನು ಬಿಡಿಸಿ ಹೇಳಬೇಕಾಗಿಲ್ಲ. 1977ರಲ್ಲಿ ಅಲ್ಲಿನ ಸರ್ಕಾರ ಫ್ರೆಂಚ್ ಭಾಷಾ ಸನ್ನದು ತಂದು, ವಾಣಿಜ್ಯ ಫಲಕಗಳು ಫ್ರೆಂಚಿನಲ್ಲಿ ಮಾತ್ರ ಇರಬೇಕು ಎಂದಿತು. ಉಣ್ಣೆಯ ನೂಲು ಮಾರುವ ಅಂಗಡಿಯೊಂದು ತನ್ನ ಫಲಕದಲ್ಲಿ ‘ಉಣ್ಣೆ’ ಎಂಬುದನ್ನು ಫ್ರೆಂಚಿನಲ್ಲೂ ಇಂಗ್ಲಿಷಿನಲ್ಲೂ ಬರೆದಿತ್ತು. ಅದು ಅಪರಾಧವಾಯಿತು. ಫ್ರೆಂಚ್ ಇಲ್ಲ ಎಂಬುದು ತಪ್ಪಲ್ಲ, ಜೊತೆಗೆ ಇಂಗ್ಲಿಷ್ ಇದೆ ಎಂಬುದೇ ತಪ್ಪು! ಆ ಅಂಗಡಿಯೂ ಇನ್ನು ಕೆಲವು ವ್ಯಾಪಾರಗಳೂ ಸೇರಿ ಹೂಡಿದ ಮೊಕದ್ದಮೆಗೆ ಫೋರ್ಡ್ ಪ್ರಕರಣ ಎಂದೇ ಹೆಸರು.

1988ರ ಡಿಸೆಂಬರಿನಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಎರಡೂ ಕಡೆಯವರು ಓದಬೇಕಾದದ್ದು. ಫ್ರೆಂಚಿಗೆ ಅಪಾಯವಿದೆ, ಬೀದಿ ನೋಡಿದರೆ ಇದು ಫ್ರೆಂಚ್ ನಾಡು ಎಂದು ತಿಳಿಯಬೇಕು ಎನ್ನುವುದು ನ್ಯಾಯವಾದ ಉದ್ದೇಶ ಎಂದು ಕೋರ್ಟ್ ಒಪ್ಪಿತು. ಆದರೆ ಅದಕ್ಕಾಗಿ ಬೇರೆ ಭಾಷೆಯನ್ನು ನಿಷೇಧಿಸಬೇಕಾದ ಅಗತ್ಯವನ್ನು ಸರ್ಕಾರ ತೋರಿಸಿಲ್ಲ, ಫ್ರೆಂಚ್ ಸ್ಪಷ್ಟವಾಗಿ ಪ್ರಧಾನವಾಗಿರಲಿ ಎಂದು ಕಡ್ಡಾಯ ಮಾಡಿದ್ದರೆ ಸಾಕಿತ್ತು ಎಂದಿತು. ಸರ್ಕಾರ ಸುಮ್ಮನಾಗಲಿಲ್ಲ. ಸಂವಿಧಾನದಲ್ಲಿದ್ದ ವಿಶೇಷ ಅವಕಾಶ ಬಳಸಿ, ಹೊರಗಿನ ಫಲಕ ಫ್ರೆಂಚಿನಲ್ಲಿ ಮಾತ್ರ ಎಂದು ಮತ್ತೆ ಕಾನೂನು ಮಾಡಿತು. ಇಂಗ್ಲಿಷ್ ಸಮುದಾಯದ ಮೂವರು ಮಂತ್ರಿಗಳು ರಾಜೀನಾಮೆ ಕೊಟ್ಟರು. ದೂರು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಯ ತನಕ ಹೋಗಿ, 1993ರಲ್ಲಿ ಆ ಸಮಿತಿಯೂ ನಿಷೇಧ ತಪ್ಪು ಎಂದಿತು. ಅದೇ ವರ್ಷ ಕ್ವಿಬೆಕ್ ತಾನೇ ಕಾನೂನು ಬದಲಿಸಿತು. ಬೇರೆ ಭಾಷೆ ಇರಬಹುದು, ಆದರೆ ಫ್ರೆಂಚಿಗೆ ಅದರ ಎರಡು ಪಟ್ಟು ಜಾಗ. ಹದಿನಾರು ವರ್ಷ ಹೊಡೆದಾಡಿ ಬಂದು ನಿಂತದ್ದು ನಮ್ಮ 24-ಎ ಹೇಳುತ್ತಿದ್ದ ಜಾಗಕ್ಕೇ.

ನಮ್ಮ ನೆರೆಯಲ್ಲೂ ಒಂದು ಉದಾಹರಣೆ ಇದೆ. ಮಹಾರಾಷ್ಟ್ರದ ಅಕೋಲಾ ಜಿಲ್ಲೆಯ ಪಾತೂರ್ ಪುರಸಭೆಯ ಫಲಕದಲ್ಲಿ ಮರಾಠಿಯ ಜೊತೆ ಉರ್ದು ಇತ್ತು. ಅದನ್ನು ತೆಗೆಸಬೇಕೆಂದು ಹೋದ ಅರ್ಜಿಯನ್ನು 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಮರಾಠಿ ಇರಲೇಬೇಕು ಎಂಬ ಕಾನೂನು ಇನ್ನೊಂದು ಭಾಷೆಯನ್ನು ಸೇರಿಸಬೇಡ ಎಂದು ಹೇಳುವುದಿಲ್ಲ ಎಂಬುದು ಅದರ ಒಂದು ಮುಖ್ಯ ಕಾರಣ. ಬೀದರ್, ಕಲಬುರಗಿ, ರಾಯಚೂರು ಕಡೆಯವರಿಗೆ ಇದು ದೂರದ ಸುದ್ದಿಯಲ್ಲ. 1948ರ ತನಕ ನಿಜಾಮರ ಆಡಳಿತದಲ್ಲಿ ಉರ್ದುವೇ ಸರ್ಕಾರದ ಭಾಷೆಯಾಗಿದ್ದ ಊರುಗಳವು. ಅಲ್ಲಿ ಕನ್ನಡ ಮೇಲೆ ಬರಬೇಕಾದದ್ದು ನ್ಯಾಯ. ಕೆಳಗಿನ ಉರ್ದು ಸಾಲನ್ನು ಒರೆಸಿದರೆ ಮೇಲಿನ ಕನ್ನಡದ ಅಕ್ಷರ ಒಂದಿಂಚೂ ದೊಡ್ಡದಾಗುವುದಿಲ್ಲ.

ಈಗ ಟೇಪು ಹಿಡಿದು ನೋಡೋಣ. ಹತ್ತು ಅಡಿ ಉದ್ದ, ನಾಲ್ಕು ಅಡಿ ಎತ್ತರದ ಫಲಕ ಅಂದರೆ 40 ಚದರ ಅಡಿ. ಕನ್ನಡಕ್ಕೆ 24, ಬೇರೆಯದಕ್ಕೆ 16. ಕ್ವಿಬೆಕ್ಕಿನ ಎರಡು ಪಟ್ಟಿಗೆ ಹೋಲಿಸಿದರೆ ನಮ್ಮದು ಒಂದೂವರೆ ಪಟ್ಟು, ಹೆಚ್ಚೇನಲ್ಲ. ಲೆಕ್ಕ ಸರಿಯಾದರೂ ಕಣ್ಣಿಗೆ ಬೇರೆಯೇ ಕಾಣಬಹುದು. ಇಂಗ್ಲಿಷಿನ ದೊಡ್ಡಕ್ಷರಗಳು ಸಾಲಿನ ಎತ್ತರವನ್ನೆಲ್ಲ ತುಂಬಿಕೊಳ್ಳುತ್ತವೆ. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ ಬೇಕು. ‘ಪುಸ್ತಕ’, ‘ವಸ್ತ್ರ’, ‘ಕ್ಲಿನಿಕ್’ ಬರೆದು ನೋಡಿ. ಹತ್ತು ಇಂಚಿನ ಪಟ್ಟಿಯಲ್ಲಿ ಇವನ್ನೆಲ್ಲ ಹಿಡಿಸಬೇಕಾದರೆ ನಡುವಿನ ಮೂಲ ಅಕ್ಷರ ಕುಗ್ಗುತ್ತದೆ, ಪಕ್ಕದ ಅಷ್ಟೇ ಎತ್ತರದ ಇಂಗ್ಲಿಷ್ ದಪ್ಪವಾಗಿ ಕಾಣುತ್ತದೆ. ಬ್ರಷ್ ಹಿಡಿದು ಫಲಕ ಬರೆಯುವವರು ಇದನ್ನು ಕಣ್ಣಳತೆಯಲ್ಲೇ ಸರಿಮಾಡುತ್ತಿದ್ದರು, ಒತ್ತಿಗೆ ಜಾಗ ಬಿಟ್ಟೇ ಗೆರೆ ಎಳೆಯುತ್ತಿದ್ದರು. ಫ್ಲೆಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಆ ಕಣ್ಣು ಎಷ್ಟೋ ಸಲ ಇರುವುದಿಲ್ಲ. ಒತ್ತಕ್ಷರ ಕೆಳಗಿನ ಸಾಲಿನ ಇಂಗ್ಲಿಷಿಗೆ ಡಿಕ್ಕಿ ಹೊಡೆಯುತ್ತದೆ, ಇಲ್ಲವೇ ಕನ್ನಡದ ಸಾಲನ್ನೇ ಅಡ್ಡಕ್ಕೆ ಎಳೆದು ಚಪ್ಪಟೆ ಮಾಡಿರುತ್ತಾರೆ.

ಚದರ ಅಡಿಯ ಲೆಕ್ಕಕ್ಕೆ ಸಿಗದ ಇನ್ನೆರಡು ಸಂಗತಿಗಳಿವೆ. ಕಾಗುಣಿತ ಕೆಟ್ಟ ಕನ್ನಡವೂ ಶೇ. 60ರ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಅಲ್ಪಪ್ರಾಣ, ಮಹಾಪ್ರಾಣ ಅದಲುಬದಲಾದ ಫಲಕ ಕಾಯ್ದೆ ಪಾಲಿಸಿದೆ ಎಂದೇ ಲೆಕ್ಕ. ಇಂಥಲ್ಲಿ ಮಾಲೀಕರು ಯಾವ ಊರಿನವರೆಂದು ಕೇಳುವುದಕ್ಕಿಂತ ಸರಿಯಾದ ಕಾಗುಣಿತವನ್ನು ಚೀಟಿಯಲ್ಲಿ ಬರೆದುಕೊಡುವುದು ಬೇಗ ಕೆಲಸ ಮಾಡುತ್ತದೆ.

ಇನ್ನೊಂದು ಬೆಳಕಿನದು. ಹಗಲು ನೋಡಿದರೆ ಕನ್ನಡ ಮೇಲೆ, ದೊಡ್ಡದಾಗಿ, ನಿಯಮದಂತೆ ಇರುತ್ತದೆ. ಆದರೆ ಅದು ತಗಡಿನ ಮೇಲೆ ಅಂಟಿಸಿದ ಸ್ಟಿಕ್ಕರ್, ಇಂಗ್ಲಿಷ್ ಒಳಗೆ ಎಲ್‌ಇಡಿ ಇರುವ ಅಕ್ಷರ. ಸಂಜೆ ಏಳಕ್ಕೆ ಸ್ವಿಚ್ ಹಾಕಿದ ಮೇಲೆ ಫಲಕದಲ್ಲಿ ಒಂದೇ ಭಾಷೆ ಉಳಿಯುತ್ತದೆ. ಅಳತೆ ಮಾಡುವವರು ಒಮ್ಮೆ ಆ ಹೊತ್ತಿಗೂ ಹೋಗಬೇಕು.