ಶಾಲಾರಂಭದ ಬೇಡಿಕೆಯ ಅಂದಾಜು

ಶಾಲಾ ಸಮವಸ್ತ್ರ ಮತ್ತು ಲೇಖನ ಸಾಮಗ್ರಿಗಳು ಯಾವಾಗ, ಎಷ್ಟು ಬೇಕಾಗುತ್ತವೆ ಎಂಬುದನ್ನು ಮುಂಚಿತವಾಗಿ ಲೆಕ್ಕಹಾಕಿ ದಾಸ್ತಾನನ್ನೂ ರಿಯಾಯಿತಿಯನ್ನೂ ಗೊತ್ತುಪಡಿಸುವ ಕ್ರಮ. ಬ್ರಹ್ಮಗಿರಿ ಸೀಮೆಯ ಚಳ್ಳಕೆರೆ, ಮೊಳಕಾಲ್ಮೂರುಗಳಲ್ಲಿ ಈ ವ್ಯಾಪಾರದ ಭರಾಟೆ ಮೇ ಕೊನೆಯಿಂದ ಜೂನ್‌ವರೆಗೆ ಇರುತ್ತದೆ. ಸರ್ಕಾರಿ ಶಾಲೆಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಡಿ ಸಮವಸ್ತ್ರ ಉಚಿತವಾಗಿ ಸಿಗುವುದರಿಂದ, ನೋಟ್‌ಬುಕ್ಕಿನ ಅಂದಾಜಿಗೆ ಎಲ್ಲ ಶಾಲೆಗಳ ದಾಖಲಾತಿಯನ್ನು ಹಿಡಿದರೂ ಬಟ್ಟೆಗೆ ಮುಖ್ಯವಾಗಿ ಖಾಸಗಿ ಶಾಲೆಗಳದನ್ನೇ ಹಿಡಿಯಬೇಕು.

ಹಿಂದಿನ ವರ್ಷದ ಮಾರಾಟವನ್ನೇ ಬೇಡಿಕೆಯೆಂದು ಭಾವಿಸುವುದು ಇಲ್ಲಿನ ದೊಡ್ಡ ತಪ್ಪು. ಉದಾಹರಣೆಗೆ, 28ರ ಅಳತೆಯ 60 ಅಂಗಿಗಳು ಜೂನ್ 10ಕ್ಕೇ ಮುಗಿದಿದ್ದು, ಕೊನೆಯವರೆಗೂ ಉಳಿದ ಬೇರೆ ಅಳತೆಗಳು ಆ ದಿನದ ಹೊತ್ತಿಗೆ ತಮ್ಮ ಒಟ್ಟು ಮಾರಾಟದ ಮೂರನೇ ಎರಡು ಪಾಲನ್ನು ಮುಟ್ಟಿದ್ದರೆ, 28ರ ನಿಜವಾದ ಬೇಡಿಕೆ 90 ಆಗಿತ್ತೆಂದು ತಿಳಿಯಬೇಕು. ಆ ಅಳತೆ ತೊಡುವ ತರಗತಿಗಳ ಮಕ್ಕಳು ಈ ವರ್ಷ 300ರಿಂದ 270ಕ್ಕೆ ಇಳಿದಿದ್ದರೆ ಅಂದಾಜು 81ಕ್ಕೆ ಬರುತ್ತದೆ.

ಮಳೆಯಾಶ್ರಿತ ಶೇಂಗಾ ಬಿತ್ತನೆಗೆ ಬೀಜ, ಗೊಬ್ಬರ ಹೊಂದಿಸುವ ಕಾಲವೂ ಇದರ ಹಿಂದೆಯೇ ಬರುವುದರಿಂದ, ಕೈ ಬಿಗಿಯಾದ ಮನೆಯವರು ಒಂದೇ ಜೊತೆ ಕೊಂಡು ಎರಡನೆಯದನ್ನು ಮುಂದೂಡುವುದುಂಟು. ಆದಕಾರಣ ಎರಡನೆಯ ಜೊತೆಯ ಪಾಲನ್ನು ಹೊಲಿಸದೆ ಥಾನಿನಲ್ಲೇ ಇಡುವುದು ಕ್ಷೇಮ. ಜೂನ್ ನೂಕುನುಗ್ಗಲಿನಲ್ಲಿ ಕೊಡುವ ರಿಯಾಯಿತಿ ಬಹುಮಟ್ಟಿಗೆ ವ್ಯರ್ಥ. ಮೇ ಆರಂಭದಲ್ಲಿ ಮುಂಗಡ ಕೊಟ್ಟವರಿಗೆ ಕೊಟ್ಟರೆ ಅಳತೆಗಳ ಸುಳಿವೂ ಸಿಗುತ್ತದೆ. ಉಳಿದ ನೋಟ್‌ಬುಕ್ ದಸರಾ ರಜೆಯ ನಂತರವೂ ಖರ್ಚಾಗುತ್ತದೆ, ಆದರೆ ಶಾಲೆ ಬಣ್ಣ ಬದಲಿಸಿದರೆ ಹೊಲಿದ ಅಂಗಿಗೆ ಗಿರಾಕಿಯೇ ಇಲ್ಲ.